ಸ್ಕ್ಯಾನು ಕೊನೇ ಮೆಟ್ಟಿಲು

ಬಿಳಿಗಿರಿರಂಗನ ಬೆಟ್ಟದ ದೇವಸ್ಥಾನದ ಮೆಟ್ಟಿಲುಗಳನ್ನ ನಾನು ಯಾವತ್ತೂ ಎಣಿಸಿದವನಲ್ಲ. ಯಳಂದೂರಿನ ಸೋದರತ್ತೆ ಮನೆಗೆ ರಜೆಗೆ ಹೋದಾಗಲೆಲ್ಲ ಓಡಿಕೊಂಡೇ ಹತ್ತುತ್ತಿದ್ದೆ. ಆವತ್ತು ಮಾತ್ರ ಅರ್ಧಕ್ಕೇ ತೊಡೆ ಕೈಕೊಟ್ಟಿತು. ನೋವಿಲ್ಲ, ಏದುಸಿರಿಲ್ಲ. ನಾನು ಎತ್ತು ಅಂದರೆ ಕಾಲು ಏಳುತ್ತಿಲ್ಲ, ಅಷ್ಟೆ. ಅರವತ್ತೈದು ದಾಟಿದ ಅತ್ತೆ ಮೇಲಿನ ಮೆಟ್ಟಿಲಲ್ಲಿ ನಿಂತು ತಿರುಗಿ ನೋಡಿ, "ಯಾಕ್ ಕೂಸು, ಬೆಂಗ್ಳೂರು ಕಾಲು ಸೋತೋಯ್ತಾ?" ಅಂದರು. ಅಕ್ಕಪಕ್ಕದವರೆಲ್ಲ ನಕ್ಕರು. ನಾನೂ ನಕ್ಕೆ. ನಗುವ ವಿಷಯ ಅದಾಗಿರಲಿಲ್ಲ ಅಂತ ಗೊತ್ತಾಗಿದ್ದು ಮಾರನೇ ದಿನ.

ನನಗಾಗ 38. ಬಿಪಿ ಇದೆ ಅಂತ ಗೊತ್ತಾಗಿ ಎರಡು ವರ್ಷವಾಗಿತ್ತು. ಆಫೀಸಿನ ಹೆಲ್ತ್ ಚೆಕಪ್ಪಿನಲ್ಲಿ 156/98 ಬಂದಾಗ ಒಂದು ಮಾತ್ರೆ ಶುರುವಾಗಿದ್ದು, ಆರು ತಿಂಗಳಿಗೆ ಎರಡಾಗಿ, ಕೊನೆಗೆ ಮೂರಾಗಿತ್ತು: ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್, ಜೊತೆಗೆ ಉಚ್ಚೆ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್. ಮೂರು ನುಂಗಿಯೂ 150ರಿಂದ ಕೆಳಗಿಳಿಯುತ್ತಿರಲಿಲ್ಲ. ಪ್ರತಿ ಸಲವೂ ಒಂದೇ ಮಂತ್ರ: "ಸಾಫ್ಟ್‌ವೇರಾ? ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ." ಮೂರು ಮಾತ್ರೆಗೂ ಬಗ್ಗದ ಬಿಪಿಗೆ ಬೇರೆ ಏನಾದರೂ ಕಾರಣ ಇರಬಹುದಾ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಟೆನ್ಶನ್ ಅನ್ನೋದು ನಮ್ಮ ಕಾಲದ ಗ್ರಹಚಾರ, ಅದರ ಹೆಸರು ಹೇಳಿದರೆ ಎಲ್ಲರ ಬಾಯೂ ಮುಚ್ಚುತ್ತದೆ.

ನನ್ನ ಜಗಳ ಎರಡು ಥರದ ಸೋಮಾರಿತನದ ಜೊತೆ. ಒಂದು, ಹುಡುಕದೇ ಇರುವ ಸೋಮಾರಿತನ: ಟೆನ್ಶನ್ ಅಂದುಬಿಟ್ಟು ಮಾತ್ರೆ ಏರಿಸುತ್ತಾ ಹೋಗೋದು. ಇನ್ನೊಂದು ನೋಡೋಕೆ ಭಾರೀ ಚುರುಕಾಗಿ ಕಾಣುವ ಸೋಮಾರಿತನ: ಮೊದಲ ದಿನವೇ ತಲೆಯಿಂದ ಕಾಲಿನವರೆಗೆ ಸ್ಕ್ಯಾನ್ ಬರೆಯೋದು. ನನಗೆ ಎರಡೂ ಆಗಿದೆ. ನಮ್ಮ ತಲೆಮಾರಿನವರಿಗೆ ಎರಡನೆಯದೇ ಹೆಚ್ಚು ಅಪಾಯ ಅನ್ನೋದು ನನ್ನ ವಾದ, ಯಾಕೆಂದರೆ ಅದನ್ನ ನಾವು ಆರೈಕೆ ಅಂದುಕೊಂಡು ದುಡ್ಡು ಕೊಟ್ಟು ಕೊಳ್ಳುತ್ತೇವೆ.

ಮಾರನೇ ದಿನ ಅತ್ತೆ ನನ್ನನ್ನ ಅವರ ಮನೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಚಿಕ್ಕಂದಿನಲ್ಲಿ ನನಗೆ ಇಂಜೆಕ್ಷನ್ ಚುಚ್ಚಿದವರು. ಅವರು ಮಾಡಿದ್ದರಲ್ಲಿ ಯಾವುದಕ್ಕೂ ಕರೆಂಟು ಬೇಕಿರಲಿಲ್ಲ. ಐದು ನಿಮಿಷ ಮಾತಾಡಿಸದೆ ಕೂರಿಸಿದರು. ನನ್ನ ತೋಳಿಗೆ ತಕ್ಕ ಅಗಲದ ಪಟ್ಟಿ ಹುಡುಕಿ, ಎರಡೂ ತೋಳಿನಲ್ಲಿ ಬಿಪಿ ನೋಡಿದರು. ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿಯನ್ನೂ ತೋರಿಸುತ್ತದೆ. ಎರಡೂ ಮಣಿಕಟ್ಟಿನ ನಾಡಿ ಒಟ್ಟಿಗೆ ಹಿಡಿದರು, ತೊಡೆಸಂದಿನ ನಾಡಿ ನೋಡಿದರು, ಹೊಟ್ಟೆ ಮೇಲೆ ಸ್ಟೆತಾಸ್ಕೋಪು ಇಟ್ಟು ತುಂಬ ಹೊತ್ತು ಆಲಿಸಿದರು.

"ಮಾತ್ರೆ ದಿನಾ ತಗೋತೀಯಾ? ನಿಜ ಹೇಳು."

"ತಗೋತೀನಿ ಸಾರ್."

"ಬೆನ್ನುನೋವಿಗೆ ಏನಾದ್ರೂ? ಮೂಗು ಕಟ್ಟಿದ್ದಕ್ಕೆ? ಕಷಾಯ, ಅತಿಮಧುರ?"

ಅತ್ತೆ ಗಂಟಲಿಗೆ ಅಂತ ಅತಿಮಧುರದ ಕಡ್ಡಿ ಕೊಡುತ್ತಿದ್ದುದು ನಿಜ. ಮುಖ ಸಣ್ಣದು ಮಾಡಿಕೊಂಡರು. ಡಾಕ್ಟರು ಕೇಳಿದ್ದಕ್ಕೆ ಕಾರಣ ಇತ್ತು. ನೋವಿನ ಮಾತ್ರೆ, ಮೂಗು ಬಿಡಿಸೋ ಮಾತ್ರೆ ಎರಡೂ ಬಿಪಿ ಏರಿಸುತ್ತವೆ. ಅತಿಮಧುರ ಜಾಸ್ತಿ ತಿಂದರೆ ಬಿಪಿ ಏರುವುದರ ಜೊತೆಗೆ ರಕ್ತದ ಪೊಟ್ಯಾಷಿಯಂ ಕೂಡ ಬೀಳುತ್ತದೆ, ಥೇಟ್ ಒಂದು ಹಾರ್ಮೋನ್ ಗಡ್ಡೆಯ ವೇಷ ಹಾಕುತ್ತದೆ. ಅದನ್ನ ಕೇಳದೆ ಗಡ್ಡೆ ಹುಡುಕಲು ಹೊರಟರೆ ಕಳ್ಳ ಅಡುಗೆಮನೆಯಲ್ಲಿ, ಪೊಲೀಸು ಊರಾಚೆ.

ಆಮೇಲೆ ಬರೆದದ್ದು ಇಷ್ಟೇ: ಪೊಟ್ಯಾಷಿಯಂ, ಕ್ರಿಯಾಟಿನಿನ್, ಉಚ್ಚೆ ಪರೀಕ್ಷೆ, ಒಂದು ಇಸಿಜಿ. ಪೊಟ್ಯಾಷಿಯಂ 2.8 ಬಂತು. ಇರಬೇಕಾದ್ದು 3.5ರ ಮೇಲೆ. ಮೆಟ್ಟಿಲ ಮೇಲೆ ನನ್ನ ತೊಡೆ ಮಾತು ಕೇಳದೇ ಹೋದದ್ದು ಇದಕ್ಕೇ. ಇನ್ನೂ ಕೆಳಗಿಳಿದಿದ್ದರೆ ಹೃದಯದ ಬಡಿತವೇ ಲಯ ತಪ್ಪಬಹುದಿತ್ತು. ನಾನು ವರ್ಷವರ್ಷ ಮಾಡಿಸಿದ್ದ ಎಕ್ಸಿಕ್ಯೂಟಿವ್ ಪ್ಯಾಕೇಜಿನಲ್ಲಿ ಮೂರು ವಿಟಮಿನ್ ಇದ್ದವು, ಪೊಟ್ಯಾಷಿಯಂ ಇರಲಿಲ್ಲ.

ಹೈಡ್ರೋಕ್ಲೋರೋಥಯಜೈಡ್ ಮಾತ್ರೆಯೇ ಪೊಟ್ಯಾಷಿಯಂ ಇಳಿಸುತ್ತದೆ, ಆದ್ದರಿಂದ ಡಾಕ್ಟರು ಮೊದಲು ಅದನ್ನ ನಿಲ್ಲಿಸಿದರು. ಅತಿಮಧುರವೂ ಬಂದ್. ಪೊಟ್ಯಾಷಿಯಂ ಸಿರಪ್ ಕೊಟ್ಟು, ಸರಿಹೋದ ಮೇಲೆ ಅದನ್ನೂ ನಿಲ್ಲಿಸಿ, ತಿಂಗಳು ಬಿಟ್ಟು ಮತ್ತೆ ನೋಡಿದರೆ 3.2. ಇಳಿಸುವ ಮಾತ್ರೆ ಇಲ್ಲ, ಆದರೂ ಇಳಿಯುತ್ತಿದೆ. ಆ ಹೊತ್ತಿಗೆ ನನ್ನ ಕೈಯಲ್ಲಿ ಮನೆ ಬಿಪಿಯ ಲೆಕ್ಕವೂ ಇತ್ತು: ಏಳು ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಮೊದಲ ದಿನದ್ದು ಬಿಟ್ಟು ಸರಾಸರಿ. ಮನೆಯಲ್ಲಿ 135/85 ದಾಟಿದರೆ ಬಿಪಿ ಅಂತ ಲೆಕ್ಕ, ನನ್ನದು 151/96. ಬಿಳಿ ಕೋಟು ಕಂಡು ಏರುವ ಬಿಪಿ ಇದಲ್ಲ.

"ಈಗ ಹುಡುಕಬಹುದು" ಅಂದರು ಡಾಕ್ಟರು. ಆ 'ಈಗ' ಅನ್ನೋ ಪದದಲ್ಲಿ ಎಲ್ಲ ಇದೆ.

ಆದರೆ ನಾನು ಬೆಂಗಳೂರಿನವನಲ್ಲವಾ, ತಡೆಯಲಿಲ್ಲ. ವಾಪಸ್ಸು ಬಂದವನು ದೊಡ್ಡದೊಂದು ಆಸ್ಪತ್ರೆಗೆ ಹೋದೆ. ಹೆಸರು ಬೇಡ. ಇನ್ಶೂರೆನ್ಸ್ ಇತ್ತು, ಲಿಫ್ಟ್ ಇತ್ತು, ಕಾಫಿ ಇತ್ತು. ಅರ್ಧ ಗಂಟೆಯಲ್ಲಿ ಹೊಟ್ಟೆಯ ಸಿಟಿ ಬರೆದರು, ಸಂಜೆಗೆ ರಿಪೋರ್ಟು: ಬಲಗಡೆ ಅಡ್ರಿನಲ್ ಗ್ರಂಥಿಯಲ್ಲಿ 12 ಮಿಲಿಮೀಟರಿನ ಗಂಟು. ಅಡ್ರಿನಲ್ ಅಂದರೆ ಮೂತ್ರಪಿಂಡದ ತಲೆ ಮೇಲೆ ಟೋಪಿಯ ಹಾಗೆ ಕೂತಿರುವ ಪುಟ್ಟ ಗ್ರಂಥಿ, ಎರಡೂ ಕಡೆ ಒಂದೊಂದು. ಎರಡು ದಿನದಲ್ಲಿ ಸರ್ಜನ್ ಮುಂದೆ ಕೂತಿದ್ದೆ. ಕಂಪ್ಯೂಟರಿನಲ್ಲಿ ಗಂಟು ತೋರಿಸಿ, ಲ್ಯಾಪರೋಸ್ಕೋಪಿಯಲ್ಲಿ ತೆಗೆದರೆ ಮೂರನೇ ದಿನ ಮನೆಗೆ ಅಂದರು. ಎಷ್ಟು ಸಮಾಧಾನ ಆಯಿತು ಅಂತೀರಿ! ಎರಡು ವರ್ಷ ಟೆನ್ಶನ್ ಅನ್ನಿಸಿಕೊಂಡವನಿಗೆ ಕೊನೆಗೂ ಒಂದು ಗಂಟು, ಚಿತ್ರದ ಸಮೇತ.

ಯಳಂದೂರಿಗೆ ಫೋನ್ ಮಾಡಿ ಸಂಭ್ರಮದಿಂದ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

"ಆ ಗಂಟು ಹಾರ್ಮೋನ್ ಸುರಿಸ್ತಾ ಇದೆ ಅಂತ ಯಾರಪ್ಪ ಹೇಳಿದ್ದು?"

"ಸ್ಕ್ಯಾನಲ್ಲಿ ಕಾಣ್ತಿದೆ ಸಾರ್."

"ಕಾಣೋದು ಗಂಟು. ಹಾರ್ಮೋನ್ ಕಾಣಲ್ಲ."

ಈ ಲೇಖನವೆಲ್ಲ ಆ ಒಂದು ಮಾತಿನ ವಿಸ್ತರಣೆ. ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸಿಟಿ ಮಾಡಿಸಿದವರಲ್ಲೂ ನೂರಕ್ಕೆ ನಾಲ್ಕೈದು ಜನರ ಅಡ್ರಿನಲ್‌ನಲ್ಲಿ ಗಂಟು ಸಿಗುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ಅವುಗಳಲ್ಲಿ ಹೆಚ್ಚಿನವು ಏನೂ ಮಾಡದೆ ಸುಮ್ಮನೆ ಕೂತಿರುತ್ತವೆ. ಹಾರ್ಮೋನ್ ಪರೀಕ್ಷೆಗೆ ಮೊದಲು ಸ್ಕ್ಯಾನ್ ಮಾಡಿದರೆ, ಸುಮ್ಮನೆ ಕೂತವನೇ ಆರೋಪಿಯಾಗುತ್ತಾನೆ. ಒಮ್ಮೆ ಚಿತ್ರ ಕಣ್ಣಿಗೆ ಬಿದ್ದ ಮೇಲೆ ಡಾಕ್ಟರಾಗಲೀ ರೋಗಿಯಾಗಲೀ ಅದನ್ನ ಮರೆಯೋಕಾಗಲ್ಲ.

ಹಾಗಾದರೆ ಸರಿಯಾದ ಕ್ರಮ ಯಾವುದು? ಅದನ್ನ ಅರ್ಥ ಮಾಡಿಕೊಳ್ಳೋಕೆ ಒಂದು ಸಣ್ಣ ಸರಪಳಿ ಗೊತ್ತಿದ್ದರೆ ಸಾಕು. ತನಗೆ ಬರುವ ರಕ್ತದ ಒತ್ತಡ ಕಮ್ಮಿಯಾಗಿದೆ ಅಂತ ಮೂತ್ರಪಿಂಡಕ್ಕೆ ಅನ್ನಿಸಿದರೆ ಅದು ರೆನಿನ್ ಅನ್ನೋದನ್ನ ಬಿಡುತ್ತದೆ. ರೆನಿನ್‌ನಿಂದ ಹೊರಟ ಸುದ್ದಿ ಅಡ್ರಿನಲ್‌ಗೆ ಮುಟ್ಟಿ, ಅದು ಆಲ್ಡೋಸ್ಟಿರೋನ್ ಬಿಡುತ್ತದೆ. ಆಲ್ಡೋಸ್ಟಿರೋನ್ ಉಪ್ಪನ್ನ ಮೈಯಲ್ಲಿ ಹಿಡಿದಿಟ್ಟು ಪೊಟ್ಯಾಷಿಯಂ ಅನ್ನು ಉಚ್ಚೆಗೆ ತಳ್ಳುತ್ತದೆ, ಬಿಪಿ ಏರುತ್ತದೆ. ಏರಿದ್ದು ಕಂಡು ಮೂತ್ರಪಿಂಡ ರೆನಿನ್ ನಿಲ್ಲಿಸುತ್ತದೆ. ಆರೋಗ್ಯವಂತರಲ್ಲಿ ನಡೆಯೋದು ಹೀಗೆ.

ಈಗ ಅಡ್ರಿನಲ್ ಯಾರ ಮಾತೂ ಕೇಳದೆ ತಾನೇ ಆಲ್ಡೋಸ್ಟಿರೋನ್ ಸುರಿಸಲು ಶುರು ಮಾಡಿತು ಅನ್ನಿ. ಮೂತ್ರಪಿಂಡ ರೆನಿನ್ ಪೂರ್ತಿ ಬಂದ್ ಮಾಡುತ್ತದೆ. ರಕ್ತದಲ್ಲಿ ಆಲ್ಡೋಸ್ಟಿರೋನ್ ಹೆಚ್ಚು, ರೆನಿನ್ ಇಲ್ಲವೆನ್ನುವಷ್ಟು ಕಮ್ಮಿ. ಬದಲಿಗೆ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವೇ ಕಿರಿದಾಗಿದೆ ಅನ್ನಿ. ನಾಳದಾಚೆ ಒತ್ತಡ ಕಮ್ಮಿ, ಮೂತ್ರಪಿಂಡ ಇಡೀ ಮೈಯಲ್ಲೇ ಬಿಪಿ ಇಲ್ಲ ಅಂತ ತಪ್ಪು ತಿಳಿದು ರೆನಿನ್ ಸುರಿಯುತ್ತಲೇ ಇರುತ್ತದೆ. ಆಗ ಎರಡೂ ಹೆಚ್ಚಾಗುವುದು ಸಹಜ. ನೋಡಿ, ಒಂದೇ ಸಲ ತೆಗೆದ ರಕ್ತ, ಎರಡು ಅಂಕಿ, ಮುಂದೆ ಯಾವ ದಾರಿ ಹಿಡಿಯಬೇಕು ಅನ್ನೋದರ ಸುಳಿವು ಕೊಡುತ್ತದೆ. ಸಿಟಿ ಕೊಡಲಾಗದ ಸುಳಿವು ಅದು.

ನನ್ನ ಆ ಪರೀಕ್ಷೆ ಕೊನೆಗೂ ಆಗಿದ್ದು ಯಳಂದೂರಿನ ಡಾಕ್ಟರು ಚೀಟಿ ಬರೆದು ಕಳಿಸಿದ ಒಬ್ಬ ಹಾರ್ಮೋನ್ ತಜ್ಞೆಯ ಹತ್ತಿರ. ಅವರು ಮೊದಲು ಪೊಟ್ಯಾಷಿಯಂ ಅನ್ನು 4ಕ್ಕೆ ತಂದರು. ಅದು ಕಮ್ಮಿ ಇದ್ದರೆ ಆಲ್ಡೋಸ್ಟಿರೋನ್ ಕೂಡ ತಗ್ಗಿ, ಇರುವ ರೋಗವೂ ಇಲ್ಲವೆಂದು ಬರಬಹುದು. ಬೆಳಿಗ್ಗೆ ಎದ್ದು ಎರಡು ಗಂಟೆ ಓಡಾಡಿ, ಆಮೇಲೆ ಸ್ವಲ್ಪ ಹೊತ್ತು ಕೂತ ನಂತರ ರಕ್ತ. ಟೆಲ್ಮಿಸಾರ್ಟಾನ್ ನಿಲ್ಲಿಸಲಿಲ್ಲ. ಅದು ರೆನಿನ್ ಏರಿಸುವ ಮಾತ್ರೆ, ಅದು ಮೈಯಲ್ಲಿದ್ದೂ ರೆನಿನ್ ನೆಲ ಕಚ್ಚಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ ಅಂದರು. ಮೆಟೊಪ್ರೊಲಾಲ್ ಥರದ ಮಾತ್ರೆ ತಗೊಳ್ಳುವವರಲ್ಲಿ ಕಥೆ ಉಲ್ಟಾ: ಅದೇ ರೆನಿನ್ ಇಳಿಸಿ ಸುಳ್ಳು ರೋಗ ತೋರಿಸಬಹುದು. ನನ್ನ ಆಲ್ಡೋಸ್ಟಿರೋನ್ 18, ರೆನಿನ್ ಚಟುವಟಿಕೆ 0.3. ಭಾಗಿಸಿದರೆ 60. ಸಾಮಾನ್ಯವಾಗಿ 30ರ ಆಸುಪಾಸು ದಾಟಿದರೆ ಮುಂದೆ ನೋಡಬೇಕು. ಒಂದು ಎಚ್ಚರ: ಕೆಲವು ಲ್ಯಾಬುಗಳು ರೆನಿನ್ ಚಟುವಟಿಕೆಯ ಬದಲು ರೆನಿನ್ ಪ್ರಮಾಣ ಅಳೆಯುತ್ತವೆ, ಅದರ ಅಂಕಿಯೇ ಬೇರೆ, ಗಡಿಯೂ ಬೇರೆ. ರಿಪೋರ್ಟಿನ ಮೂಲೆಯಲ್ಲಿರುವ ಅಳತೆಯ ಹೆಸರು ನೋಡದೆ ಫ್ರೆಂಡಿನ ಅಂಕಿಯ ಜೊತೆ ಹೋಲಿಸಿಕೊಂಡು ಹೆದರಬೇಡಿ.

60 ಬಂದರೂ ತೀರ್ಪು ಕೊಡಲಿಲ್ಲ. ಮಲಗಿಸಿ ನಾಲ್ಕು ಗಂಟೆಯಲ್ಲಿ ಎರಡು ಲೀಟರ್ ಸಲೈನ್ ಹತ್ತಿಸಿದರು. ಇಷ್ಟು ಉಪ್ಪುನೀರು ಒಳಗೆ ಹೋದರೆ ಸರಿಯಿರುವ ಗ್ರಂಥಿ ಆಲ್ಡೋಸ್ಟಿರೋನ್ ನಿಲ್ಲಿಸಬೇಕು, 5ಕ್ಕಿಂತ ಕೆಳಗೆ ಬೀಳಬೇಕು. ನನ್ನದು 12ರಲ್ಲೇ ನಿಂತಿತ್ತು. ಈಗ ರೋಗಕ್ಕೆ ಹೆಸರು ಬಂತು: ಪ್ರೈಮರಿ ಆಲ್ಡೋಸ್ಟಿರೋನಿಸಂ. ಅಮೆರಿಕದ ಜೆರೋಮ್ ಕಾನ್ 1955ರಲ್ಲಿ ವಿವರಿಸಿದ್ದು, ಅದಕ್ಕೇ ಕಾನ್ ಸಿಂಡ್ರೋಮ್ ಅಂತಲೂ ಅನ್ನುತ್ತಾರೆ. ಅಪರೂಪದ್ದು ಅಂತ ಬಹಳ ಕಾಲ ನಂಬಿದ್ದರು. ಈಗಿನ ಅಂದಾಜಿನಲ್ಲಿ ಬಿಪಿ ಇರುವ ನೂರು ಜನರಲ್ಲಿ ಐದರಿಂದ ಹತ್ತು ಜನರಿಗೆ, ಮೂರು ಮಾತ್ರೆಗೂ ಬಗ್ಗದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಇದೆ.

ಸ್ಕ್ಯಾನಿಗೆ ಜಾಗ ಇರೋದು ಇಲ್ಲಿ, ಹಾರ್ಮೋನ್ ಸಾಬೀತಾದ ಮೇಲೆ. ಇಲ್ಲೂ ಅದರ ಮಾತೇ ಕೊನೆಯಲ್ಲ. ತಜ್ಞೆ ಮೊದಲು ಕೇಳಿದ್ದು, "ಆಪರೇಷನ್ ಡೇಟ್ ಕೊಟ್ಟಾಗ ಮೆಟಾನೆಫ್ರಿನ್ ಮಾಡಿಸಿದ್ರಾ?" ಇಲ್ಲ. ಅಡ್ರಿನಲ್ ಗಂಟುಗಳಲ್ಲಿ ಫಿಯೋಕ್ರೊಮೊಸೈಟೋಮಾ ಅನ್ನೋ ಒಂದು ಜಾತಿ ಇದೆ. ಬಹಳ ಅಪರೂಪ, ಬಿಪಿ ಇರುವವರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ. ಅದು ಅಡ್ರಿನಲಿನ್ ಥರದ ಹಾರ್ಮೋನ್ ಚಿಮ್ಮಿಸುತ್ತದೆ: ತಲೆನೋವು, ಬೆವರು, ಎದೆ ಹೊಡೆತ, ಬಂದು ಹೋಗುವ ದಾಳಿಗಳು. ಗೊತ್ತಿಲ್ಲದೆ, ಮೊದಲೇ ಔಷಧಿ ಕೊಟ್ಟು ಸಿದ್ಧ ಮಾಡದೆ ಅದನ್ನ ಆಪರೇಷನ್ ಟೇಬಲ್ಲಿನ ಮೇಲೆ ಮುಟ್ಟಿದರೆ ಬಿಪಿ ಜೀವಕ್ಕೇ ಎರವಾಗುವಷ್ಟು ಏರಬಹುದು. ಮೊದಲೇ ಗೊತ್ತಾಗೋಕೆ ಬೇಕಿರೋದು ಒಂದು ರಕ್ತ ಅಥವಾ ಉಚ್ಚೆ ಪರೀಕ್ಷೆ. ನನ್ನದು ಸರಿಯಾಗಿ ಬಂತು. ಆದರೆ ಅದನ್ನ ನೋಡದೆಯೇ ನನಗೊಂದು ಡೇಟ್ ಸಿಕ್ಕಿತ್ತು ಅನ್ನೋದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೊನೆಯ ಪ್ರಶ್ನೆ: ಹಾರ್ಮೋನ್ ಬರುತ್ತಿರೋದು ಬಲಗಡೆಯ ಆ ಗಂಟಿನಿಂದಲೇನಾ? ಇದಕ್ಕೆ ತೊಡೆಸಂದಿನ ಮೂಲಕ ಸಣ್ಣ ಕೊಳವೆ ಕಳಿಸಿ, ಎರಡೂ ಅಡ್ರಿನಲ್‌ನಿಂದ ಹೊರಬರುವ ರಕ್ತವನ್ನ ಬೇರೆಬೇರೆ ತೆಗೆದು ಅಳೆಯುತ್ತಾರೆ. ಬಲಗಡೆಯ ಅಭಿಧಮನಿ ಗಿಡ್ಡ, ಸಿಕ್ಕೋದೇ ಕಷ್ಟ. ಕೊಳವೆ ಸರಿಯಾದ ಜಾಗದಲ್ಲೇ ಇತ್ತಾ ಅಂತ ತಿಳಿಯಲು ಕಾರ್ಟಿಸಾಲ್ ಅನ್ನೂ ಜೊತೆಗೆ ಅಳೆಯುತ್ತಾರೆ. ಇದನ್ನ ಚೆನ್ನಾಗಿ ಮಾಡುವ ಕೈಗಳು ದೇಶದಲ್ಲೇ ಕಮ್ಮಿ, ನಾನು ಎರಡು ತಿಂಗಳು ಕಾದೆ. ಒಂದು ಕಡೆಯದು ಇನ್ನೊಂದರ ನಾಲ್ಕು ಪಟ್ಟು ಇದ್ದರೆ ಆ ಕಡೆ ತಪ್ಪಿತಸ್ಥ ಅಂತ ಲೆಕ್ಕ. ನನ್ನಲ್ಲಿ ವ್ಯತ್ಯಾಸ 1.3 ಪಟ್ಟು. ಅಂದರೆ ಎರಡೂ ಗ್ರಂಥಿ ಸೇರಿ ಸುರಿಸುತ್ತಿದ್ದವು. ಆ 12 ಮಿಲಿಮೀಟರ್ ಗಂಟು ತೆಗೆಸಿದ್ದರೆ ಒಂದು ಗ್ರಂಥಿ ಹೋಗುತ್ತಿತ್ತು, ರೋಗ ಉಳಿಯುತ್ತಿತ್ತು. ಇದು ನನ್ನೊಬ್ಬನ ವಿಚಿತ್ರ ಅಲ್ಲ. ಈ ರೋಗದಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರಿಗೆ ಚಿತ್ರ ಹೇಳೋದೇ ಒಂದು, ರಕ್ತ ಹೇಳೋದೇ ಇನ್ನೊಂದು.

ಈಗ ನಾನು ಸ್ಪೈರೊನೊಲ್ಯಾಕ್ಟೋನ್ ಅನ್ನೋ ಹಳೇ ಕಾಲದ ಅಗ್ಗದ ಮಾತ್ರೆಯ ದಾರಿಯಲ್ಲಿದ್ದೀನಿ. ಅದು ಆಲ್ಡೋಸ್ಟಿರೋನ್ ಕೆಲಸ ಮಾಡುವ ಜಾಗಕ್ಕೇ ಅಡ್ಡ ನಿಲ್ಲುತ್ತದೆ. 25 ಮಿಲಿಗ್ರಾಂನಿಂದ 50ಕ್ಕೆ ಏರಿದಾಗ ಮನೆ ಬಿಪಿ 126/80ಕ್ಕೆ ಬಂತು. ಟೆಲ್ಮಿಸಾರ್ಟಾನ್ ನಿಂತಿತು, ಯಾಕೆಂದರೆ ಎರಡೂ ಸೇರಿದರೆ ಪೊಟ್ಯಾಷಿಯಂ ವಿಪರೀತ ಏರಬಹುದು. ಐದಾರು ತಿಂಗಳಿಗೆ ಎದೆ ಊದಿಕೊಂಡು ಮುಟ್ಟಿದರೆ ನೋವು, ಗಂಡಸರಲ್ಲಿ ಇದು ಆಗುತ್ತದೆ, ನಾಚಿಕೆ ಬಿಟ್ಟು ಹೇಳಬೇಕು. ಎಪ್ಲೆರಿನೋನ್‌ಗೆ ಬದಲಾಯಿಸಿದರು.

ಬಿಪಿ ಹೇಗಾದರೂ ಇಳಿದರೆ ಸಾಕಲ್ಲ, ಕಾರಣ ಹುಡುಕಿ ಏನಾಗಬೇಕು ಅಂತ ಕೇಳುವವರಿದ್ದಾರೆ. ಅವರಿಗೆ ಉತ್ತರ: ಅಷ್ಟೇ ಬಿಪಿ ಇರುವ ಬೇರೆಯವರಿಗಿಂತ ಈ ಹಾರ್ಮೋನ್ ಹೆಚ್ಚಿರುವವರಲ್ಲಿ ಪಾರ್ಶ್ವವಾಯು, ಹೃದಯದ ಲಯ ತಪ್ಪುವುದು ಎರಡೂ ಹೆಚ್ಚು. ಆದ್ದರಿಂದಲೇ ಯುರೋಪಿನ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ, ಬಿಪಿ ಖಚಿತವಾದ ಎಲ್ಲ ವಯಸ್ಕರಲ್ಲೂ ಆಲ್ಡೋಸ್ಟಿರೋನ್-ರೆನಿನ್ ನೋಡುವುದನ್ನ ಯೋಚಿಸಿ ಅನ್ನುತ್ತದೆ. ಎಲ್ಲರಿಗೂ ಸಿಟಿ ಮಾಡಿ ಅನ್ನೋದಿಲ್ಲ, ಗಮನಿಸಿ.

ಮೂತ್ರಪಿಂಡದ ನಾಳದ ಕಥೆಯಲ್ಲೂ ನ್ಯಾಯ ಇದೇ. ಅದನ್ನ ಸುಳಿವು ಇದ್ದವರಲ್ಲಿ ಹುಡುಕಬೇಕು: ಟೆಲ್ಮಿಸಾರ್ಟಾನ್ ಜಾತಿಯ ಮಾತ್ರೆ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಮೂವತ್ತು ಪರ್ಸೆಂಟಿಗಿಂತ ಹೆಚ್ಚು ಏರಿದರೆ, ಒಂದು ಮೂತ್ರಪಿಂಡ ಇನ್ನೊಂದಕ್ಕಿಂತ ಒಂದೂವರೆ ಸೆಂಟಿಮೀಟರ್ ಚಿಕ್ಕದಿದ್ದರೆ, ಹೊಟ್ಟೆ ಮೇಲೆ ಸ್ಟೆತಾಸ್ಕೋಪಿಗೆ ಸುಂಯ್ ಅನ್ನೋ ಸದ್ದು ಕೇಳಿದರೆ. ನಮ್ಮ ದೇಶದಲ್ಲಿ ಹರೆಯದ ಹೆಣ್ಣುಮಕ್ಕಳಿಗೆ ಈ ನಾಳ ಕಿರಿದಾಗೋಕೆ ಮುಖ್ಯ ಕಾರಣ ಕೊಬ್ಬಲ್ಲ, ಟಕಯಾಸು ಅನ್ನೋ ರಕ್ತನಾಳದ ಉರಿಯೂತ. ಅದರಲ್ಲಿ ಒಂದು ಕೈಯ ನಾಡಿಯೇ ಸಿಗದೆ ಹೋಗಬಹುದು. ಆ ಕೈಯಲ್ಲಷ್ಟೇ ಬಿಪಿ ನೋಡಿದರೆ ನಾರ್ಮಲ್ ಅಂತ ಮನೆಗೆ ಕಳಿಸಿಬಿಡುತ್ತಾರೆ. ಎರಡೂ ಮಣಿಕಟ್ಟು ಹಿಡಿಯೋಕೆ ಖರ್ಚೆಷ್ಟು? ಇನ್ನು ವಯಸ್ಸಾದವರಲ್ಲಿ ಕೊಬ್ಬಿನಿಂದ ಕಿರಿದಾದ ನಾಳ ಕಂಡ ತಕ್ಷಣ ಸ್ಟೆಂಟ್ ಅನ್ನುವವರಿಗೆ 2009ರ ಆಸ್ಟ್ರಲ್, 2014ರ ಕೋರಲ್ ಎರಡು ದೊಡ್ಡ ಪ್ರಯೋಗಗಳೇ ಉತ್ತರ: ಬಹುಪಾಲು ಜನರಿಗೆ ಮಾತ್ರೆಗಳ ಮೇಲೆ ಸ್ಟೆಂಟ್ ಹಾಕಿದ್ದರಿಂದ ಹೆಚ್ಚಿನ ಲಾಭ ಆಗಲಿಲ್ಲ. ಕಿರಿದಾಗಿರೋದು ಕಾಣುತ್ತದೆ, ಬಿಪಿಗೆ ಅದೇ ಕಾರಣ ಅನ್ನೋದು ಕಾಣಲ್ಲ. ಮತ್ತೆ ಅದೇ ಮಾತು.

"ಹಂತಹಂತವಾಗಿ ಅನ್ನೋದೆಲ್ಲ ದುಡ್ಡಿಲ್ಲದ ಊರಿನ ವೈದ್ಯ, ನಮಗೆ ಇನ್ಶೂರೆನ್ಸ್ ಇದೆ" ಅಂದ ಒಬ್ಬ ಕಲೀಗ್. ಅವನಿಗೆ ಬೆಟ್ಟದ ಸೋಲಿಗರ ಪೋಡುಗಳ ವಿಷಯ ಹೇಳಿದೆ. 1981ರಲ್ಲಿ ಡಾ. ಎಚ್. ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ ಬೆಟ್ಟ ಅದು, ಅಲ್ಲಿನ ಸೋಲಿಗರಲ್ಲಿ ಸಿಕಲ್ ಸೆಲ್ ರೋಗ ಇದೆ. ಆ ರೋಗ ಹುಡುಕುವ ರೂಢಿಯ ಕ್ರಮ ನೋಡಿ: ಮೊದಲು ಬೆರಳ ಹನಿಯ ಅಗ್ಗದ ಪರೀಕ್ಷೆ, ಅದರಲ್ಲಿ ಸಿಕ್ಕವರಿಗೆ ಮಾತ್ರ ದೊಡ್ಡ ಯಂತ್ರದ ಪರೀಕ್ಷೆ. ದುಡ್ಡು ಉಳಿಸೋದು ಅದರ ಒಂದು ಭಾಗ ಅಷ್ಟೆ. ಮೊದಲ ಹೆಜ್ಜೆಯಲ್ಲಿ ಅನುಮಾನ ಗಟ್ಟಿಯಾದವರಲ್ಲಿ ಎರಡನೇ ಪರೀಕ್ಷೆಯ 'ಇದೆ' ಅನ್ನೋ ಉತ್ತರಕ್ಕೆ ತೂಕ ಬರುತ್ತದೆ. ಎಲ್ಲರಿಗೂ ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಸುಳ್ಳು 'ಇದೆ'ಗಳ ಸಂತೆ. ಇನ್ಶೂರೆನ್ಸ್ ಆ ಸಂತೆಯ ಬಿಲ್ ಕಟ್ಟುತ್ತದೆ, ಕಳೆದುಕೊಂಡ ಗ್ರಂಥಿ ವಾಪಸ್ಸು ಕೊಡಲ್ಲ.

ಹಾಗಾಗಿ ನಲವತ್ತರ ಒಳಗೇ ಬಿಪಿ ಬಂದಿದ್ದರೆ, ಅಥವಾ ಮೂರು ಮಾತ್ರೆಗೂ ಇಳಿಯದಿದ್ದರೆ, ಟೆನ್ಶನ್ ಅನ್ನೋ ಉತ್ತರ ಒಪ್ಪಬೇಡಿ. ಪೊಟ್ಯಾಷಿಯಂ ಎಷ್ಟು ಅಂತ ಕೇಳಿ. ಯಾರಾದರೂ ಚಿತ್ರ ತೋರಿಸಿ ಡೇಟ್ ಕೊಟ್ಟರೆ, ಹಾರ್ಮೋನ್ ರಿಪೋರ್ಟು ಎಲ್ಲಿ ಅಂತ ಕೇಳಿ. ಮುಖ ಗಂಟಿಕ್ಕಿಕೊಂಡರೆ ಗಂಟಿಕ್ಕಿಕೊಳ್ಳಲಿ.

ಹೋದ ತಿಂಗಳು ಮತ್ತೆ ಬೆಟ್ಟಕ್ಕೆ ಹೋಗಿದ್ದೆ. ಪೊಟ್ಯಾಷಿಯಂ 4.4. ಓಡಲಿಲ್ಲ, ಒಂದೊಂದೇ ಮೆಟ್ಟಿಲು ಹತ್ತಿದೆ. ಅತ್ತೆ ನನಗಿಂತ ಮುಂಚೆಯೇ ಮೇಲಿದ್ದರು.